ಕೌದಿಯ ಬೆಲೆ ಬರೆದ ಎಂಟನೆಯ ಚಿತ್ರ

ಅಮ್ಮ ತೀರಿಕೊಂಡಾಗ ನನಗೆ ಐವತ್ತಾರು ವರ್ಷ. ಮದುವೆಯಾಗಿರಲಿಲ್ಲ. ಬಳ್ಳಾರಿಯ ಬ್ರೂಸ್‌ಪೇಟೆಯ ಹಿಂದಿನ ಓಣಿಯಲ್ಲಿದ್ದ ಬಾಡಿಗೆ ಮನೆಯಲ್ಲಿ ನಾನು, ದೇವರ ಮುಂದಿನ ದೀಪ, ಒಂದು ಬೀರು ತುಂಬ ಅಮ್ಮನ ನೂಲಿನ ಸೀರೆಗಳು ಉಳಿದೆವು. ಉಡಲು ಮನಸ್ಸು ಬಾರದು, ಕೊಡಲು ಕೈ ಬಾರದು. ಬೀರುವಿನ ಬಾಗಿಲು ತೆರೆದರೆ ಸಾಕು, ಸೀಗೆಕಾಯಿಯ ವಾಸನೆ ಬರುತ್ತಿತ್ತು.

ಆಗ ನಾನು ಕುರುಗೋಡಿನ ಸಾಲೆಯೊಂದರಲ್ಲಿ ಟೀಚರ್ ಆಗಿದ್ದೆ. ದಿನವೂ ಬಸ್ಸಿನಲ್ಲಿ ಹೋಗಿ ಬರುವುದು. ಅಲ್ಲಿ ಬಿಸಿಯೂಟದ ಅಡುಗೆ ಮಾಡುವ ಹೆಂಗಸು ಮಧ್ಯಾಹ್ನ ಪಾತ್ರೆ ತೊಳೆದಿಟ್ಟ ಮೇಲೆ ಬೇವಿನ ಮರದ ನೆರಳಲ್ಲಿ ಕೂತು ಹಳೆ ಸೀರೆಗಳ ಪದರ ಸೇರಿಸಿ ಕೌದಿ ಹೊಲಿಯುತ್ತಿದ್ದಳು. ನನಗಿಂತ ಮೂರು ನಾಲ್ಕು ವರ್ಷ ದೊಡ್ಡವಳು. ಎಲ್ಲರಿಗೂ ಯಕ್ಕ, ನನಗೂ ಯಕ್ಕ. ಒಂದು ದಿನ ಅಮ್ಮನ ಆರು ಸೀರೆಗಳನ್ನು ಚೀಲದಲ್ಲಿ ತಂದು ಅವಳ ಮುಂದಿಟ್ಟೆ. ಮಡಿಯ ವಿಷಯದಲ್ಲಿ ಅಮ್ಮ ಬಹಳ ಬಿಗಿ. ತನ್ನ ಸೀರೆಯನ್ನು ಹೊರಗಿನವರು ಮುಟ್ಟುವುದಿರಲಿ, ಒಣಹಾಕಿದ ಹಗ್ಗದ ಕೆಳಗೆ ಹಾಯ್ದರೂ ಮತ್ತೆ ನೀರಿಗೆ ಹಾಕಿ ಹಿಂಡುತ್ತಿದ್ದಳು. ಅದನ್ನು ನೆನೆದು ಒಂದು ಕ್ಷಣ ಹಿಂಜರಿದೆ. ಯಕ್ಕ ಒಂದು ಸೀರೆಯನ್ನು ಬಿಡಿಸಿ ಬೆಳಕಿಗೆ ಹಿಡಿದು ನೋಡಿ, "ಚಲೋ ನೂಲು. ನಿಮ್ಮವ್ವ ಒಣಗಿಸೋದು ಬಲ್ಲಾಕಿ, ಬಿಸಲಾಗ ಸುಟ್ಟಿಲ್ಲ" ಅಂದಳು. ಅಮ್ಮ ಸತ್ತ ಮೇಲೆ ಅವಳ ಬಗ್ಗೆ ಯಾರೋ ಆಡಿದ ಮೊದಲ ಒಳ್ಳೆಯ ಮಾತು ಅದು ಅನ್ನಿಸಿತು. ನಾನು ಅಲ್ಲೇ ಅತ್ತೆ.

ಆ ಸೀರೆಗಳಿಂದ ಅವಳು ಹೊಲಿದ ಕೌದಿ ಇವತ್ತಿಗೂ ನನ್ನ ಹಾಸಿಗೆಯ ಮೇಲಿದೆ. ಅದನ್ನು ನೋಡಿದ ನೆರೆಯವರೊಬ್ಬರು ತಮಗೂ ಬೇಕೆಂದರು, ಅವರ ನಾದಿನಿ ಕೇಳಿದರು. ಹೀಗೆ ಅದು ಒಂದು ಸಣ್ಣ ವ್ಯಾಪಾರವಾಯಿತು. ನಿವೃತ್ತಿಯಾದ ಮೇಲೆ ನಾನು ಪ್ರತಿ ಭಾನುವಾರ ಕುರುಗೋಡಿಗೆ ಹೋಗಿ ಯಕ್ಕನ ಮನೆಯ ಕಟ್ಟೆಯ ಮೇಲೆ ಕೂಡುತ್ತಿದ್ದೆ. ಸೀರೆ ಆರಿಸುವುದು, ಒಗೆಯುವುದು, ಬಣ್ಣ ಹೊಂದಿಸುವುದು, ಫೋನಿನಲ್ಲಿ ಚಿತ್ರ ಹಾಕುವುದು, ಪಾರ್ಸಲ್ ಮಾಡುವುದು ನನ್ನ ಪಾಲು. ಹೊಲಿಯುವುದು ಅವಳ ಪಾಲು. ಸಾಲೆಯಲ್ಲಿದ್ದಾಗ "ಬರ್ರಿ ಟೀಚರ್" ಅನ್ನುತ್ತಿದ್ದವಳು ಯಾವಾಗ "ಬಾ, ಕುಂದ್ರು" ಅನ್ನಲು ಶುರು ಮಾಡಿದಳೋ ನನಗೆ ನೆನಪಿಲ್ಲ. ನನ್ನನ್ನು ನೀನು ಅನ್ನುವವರು ಬೇರೆ ಯಾರೂ ಉಳಿದಿರಲಿಲ್ಲ.

ಫೋನಿನಲ್ಲಿ ನನ್ನ ಪುಟಕ್ಕೆ ಕೆಲವು ನೂರು ಜನ ಬರುತ್ತಿದ್ದರು. ಚಿತ್ರ ಹಾಕಿದಾಗಲೆಲ್ಲ ಒಂದೇ ಮಾತು. ಹಳೆ ಸೀರೆಗೆ ಮೂರೂವರೆ ಸಾವಿರವೇ? ಅಂಗಡಿಯಲ್ಲಿ ಸಾವಿರಕ್ಕೆ ಹೊಸ ರಜಾಯಿ ಸಿಗುತ್ತದಲ್ಲ? ಮೊದಮೊದಲು ಒಬ್ಬೊಬ್ಬರಿಗೂ ಉತ್ತರ ಬರೆದೆ, ಆಮೇಲೆ ಸುಮ್ಮನಾದೆ. ಕೊನೆಗೆ ಒಂದು ಕರೋಸೆಲ್ ಮಾಡೋಣ ಅಂದುಕೊಂಡೆ. ಒಂದೇ ಪೋಸ್ಟಿನಲ್ಲಿ ಹಲವು ಚಿತ್ರಗಳು, ಬೆರಳಿನಿಂದ ಪಕ್ಕಕ್ಕೆ ಸರಿಸುತ್ತ ಹೋದರೆ ಒಂದರ ಹಿಂದೆ ಒಂದು ಬರುತ್ತವಲ್ಲ, ಅದು. ಸಾಲೆಯಲ್ಲಿ ರಟ್ಟಿನ ಹಾಳೆಗಳ ಮೇಲೆ ಪಾಠ ಬರೆದು ತೂಗುಹಾಕುತ್ತಿದ್ದವಳಿಗೆ ಅದು ಕಷ್ಟದ್ದಲ್ಲ.

ಎಂಟು ಚಿತ್ರ ಎಂದು ತೀರ್ಮಾನಿಸಿದೆ. ಮೊದಲನೆಯದರಲ್ಲಿ ಮುಗಿದ ಕೌದಿ, ಅದರ ಮೇಲೆ ದಪ್ಪ ಅಕ್ಷರದಲ್ಲಿ ಜನ ಕೇಳುವ ಪ್ರಶ್ನೆಯೇ: "ಈ ಕೌದಿಗೆ ಮೂರೂವರೆ ಸಾವಿರ ಯಾಕೆ?" ಎರಡನೆಯದರಲ್ಲಿ ಸೀರೆಗಳ ಗುಡ್ಡೆ. ಇವು ಹೊಸವಲ್ಲ, ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುತ್ತ ಓಣಿ ತಿರುಗುವವರಿಂದ ಆರಿಸಿ ಕೊಂಡವು, ನೂಲಿನವು ಮಾತ್ರ, ಏಕೆಂದರೆ ನೈಲಾನ್ ಜಾರುತ್ತದೆ, ಬೆವರು ಹೀರುವುದಿಲ್ಲ ಎಂದು ಬರೆದೆ. ಮೂರನೆಯದರಲ್ಲಿ ಬಿಸಿನೀರು, ಸೋಡಾ, ಎರಡು ದಿನದ ಬಿಸಿಲು. ನಾಲ್ಕನೆಯದರಲ್ಲಿ ಅಂಚು, ಸೆರಗಿನ ಜರಿ ತೆಗೆದು, ಜೀರ್ಣವಾದ ಜಾಗ ಬಿಟ್ಟು ತುಂಡು ಹರಿಯುವುದು. ಐದನೆಯದರಲ್ಲಿ ನೆಲದ ಮೇಲೆ ಹಾಸುವುದು: ಕೆಳಗೆ ಒಂದು ಇಡೀ ಸೀರೆಯ ಬಟ್ಟೆ, ನಡುವೆ ಮೂರು ಪದರ, ಮೇಲೆ ಬಣ್ಣದ ತುಂಡುಗಳು, ಸುಕ್ಕು ತೀಡಿ, ಮೂಲೆಗೆ ಕಲ್ಲಿಟ್ಟು, ಉದ್ದುದ್ದ ಹೊಲಿಗೆಯಲ್ಲಿ ತಾತ್ಕಾಲಿಕವಾಗಿ ಕಟ್ಟುವುದು. ಆರನೆಯದು ಹೊಲಿಗೆ. ಅಂಚಿನಿಂದ ಶುರುವಾಗಿ ಸುತ್ತುಸುತ್ತಾಗಿ ನಡುವಿಗೆ ಬರುವ ಸಾಲುಗಳು. ಏಳನೆಯದರಲ್ಲಿ ಕುಂದುಗಳನ್ನು ಬರೆದೆ. ಸಾಲು ನೆಟ್ಟಗಿರುವುದಿಲ್ಲ, ಮೊದಲ ಒಗೆತಕ್ಕೆ ಸ್ವಲ್ಪ ಬಣ್ಣ ಬಿಡಬಹುದು, ನೆನೆದರೆ ಭಾರ, ಹಳೆ ಬಟ್ಟೆಯಾದ್ದರಿಂದ ಕೆಲವು ತುಂಡು ಬೇಗ ಸವೆಯಬಹುದು, ಸವೆದರೆ ಮೇಲೊಂದು ತುಂಡು ಹಚ್ಚಿ ಕೊಡುತ್ತೇವೆ. ಎಂಟನೆಯದು ಬೆಲೆಯ ವಿವರ.

ಎಂಟನೆಯದಕ್ಕೆ ಬಂದು ನಿಂತೆ. ಹೊಲಿಯಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಗೊತ್ತಿಲ್ಲದೆ ಬೆಲೆ ಹೇಗೆ ಸಮರ್ಥಿಸಲಿ? ಯಕ್ಕನನ್ನು ಕೇಳಿದರೆ, ಗಂಟೆ ಯಾರು ನೋಡ್ಯಾರ, ಕೈ ಬಿಡುವಾದಾಗ ಹೊಲಿಯೋದು ಅಂದಳು. ಅಂದಾಜಿನಲ್ಲಿ ಬರೆದರೆ ಅದು ಸುಳ್ಳು. ಹಾಗಾಗಿ ಒಂದು ಕೌದಿ ಶುರುವಾಗಿ ಮುಗಿಯುವವರೆಗೂ ದಿನವೂ ಹೋಗಿ ಕೂಡಲು ನಿರ್ಧರಿಸಿದೆ. ಅವಳೂ ಅಷ್ಟರಲ್ಲಿ ಅಡುಗೆಯ ಕೆಲಸ ಬಿಟ್ಟಿದ್ದಳು. ಸಂಕ್ರಾಂತಿ ಕಳೆದು ಬಿಸಿಲು ಇನ್ನೂ ಹದವಾಗಿದ್ದ ದಿನಗಳು.

ಹದಿನೆಂಟು ದಿನ ಹೋದೆ. ಬೆಳಿಗ್ಗೆಯ ಬಸ್ಸು ಹಿಡಿದು, ಬಂಡೆಗಳ ಗುಡ್ಡ ಕಾಣುತ್ತಲೇ ಎದ್ದು ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ. ಯಕ್ಕ ಹೊಲಿಯುತ್ತ ಮಾತಾಡುತ್ತಿದ್ದಳು. ಸತ್ತ ಗಂಡನ ಬಗ್ಗೆ, ಹೊಲದ ಸಜ್ಜೆಯ ಬಗ್ಗೆ, ಸೊಸೆ ಉಪ್ಪು ಹಾಕುವುದು ಮರೆಯುವ ಬಗ್ಗೆ. ನಾನು ದಾರ ಪೋಣಿಸಿ ಕೊಡುತ್ತಿದ್ದೆ, ನಡುನಡುವೆ ಅವಳ ಕೈಯ ಚಿತ್ರ ತೆಗೆಯುತ್ತಿದ್ದೆ. ಮುಖ ಬ್ಯಾಡ ಅಂದಿದ್ದಳು. ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯ. ಸಂಜೆ ಮನೆಗೆ ಬಂದು ಬೀಗ ತೆಗೆದಾಗ ಕೋಣೆ ಖಾಲಿ ಅನ್ನಿಸುತ್ತಿರಲಿಲ್ಲ, ಏಕೆಂದರೆ ನಾಳೆ ಮತ್ತೆ ಹೋಗುವುದಿತ್ತು.

ನನ್ನ ಮೊಣಕಾಲ ಮೇಲೆ ಸಣ್ಣ ನೋಟ್‌ಬುಕ್ ಇರುತ್ತಿತ್ತು. ಅವಳು ಸೂಜಿ ಹಿಡಿದ ಹೊತ್ತು, ಕೆಳಗಿಟ್ಟ ಹೊತ್ತು ಬರೆಯುತ್ತಿದ್ದೆ. ಒಮ್ಮೆ ನಾನು ಕೈಗಡಿಯಾರ ನೋಡಿದ್ದನ್ನು ಕಂಡು, "ಯಾಕ, ಬಸ್ಸಿಗೆ ಹೊತ್ತಾತೇನು?" ಎಂದು ಕೇಳಿದಳು.

"ಇಲ್ಲ ಯಕ್ಕ, ನೀ ಎಷ್ಟು ಹೊತ್ತು ಹೊಲಿತಿ ಅಂತ ಬರಕೊಳ್ಳಾಕತ್ತೀನಿ."

ಅವಳು ಮತ್ತೆ ಬಟ್ಟೆಗೆ ಸೂಜಿ ಚುಚ್ಚಿದಳು. ಆಮೇಲೆ ನೀರು ಕುಡಿಯಲು ಎದ್ದಾಗಲೂ ಬೇಗ ಬಂದು ಕೂತಳು. ಅದನ್ನು ನಾನು ಆಗ ಗಮನಿಸಿಯೂ ಗಮನಿಸಲಿಲ್ಲ.

ಒಟ್ಟು ಎಪ್ಪತ್ತೆರಡು ಗಂಟೆ. ಎಂಟನೆಯ ಚಿತ್ರದಲ್ಲಿ ಹೀಗೆ ಬರೆದೆ: ಹೊಲಿಗೆ ಕೂಲಿ, ಎಪ್ಪತ್ತೆರಡು ಗಂಟೆಗೆ, ಸಾವಿರದ ಎಂಟುನೂರು. ಹಳೆ ಸೀರೆಗಳಿಗೆ ಮುನ್ನೂರು. ದಾರ, ಸೂಜಿ, ಸೋಪು, ಸೋಡಾಕ್ಕೆ ಇನ್ನೂರ ಐವತ್ತು. ಪಾರ್ಸಲಿಗೆ ಇನ್ನೂರು. ಆರಿಸುವುದು, ಒಗೆಯುವುದು, ವಿನ್ಯಾಸ, ಓಡಾಟ, ಮಾರಾಟ ಎಲ್ಲ ಸೇರಿ ನನ್ನ ಪಾಲು ಒಂಬೈನೂರ ಐವತ್ತು. ಕೂಡಿಸಿದರೆ ಮೂರೂವರೆ ಸಾವಿರ. ಏನನ್ನೂ ಮುಚ್ಚಿಡಲಿಲ್ಲ ಎಂಬ ಹೆಮ್ಮೆಯಲ್ಲಿ ಪೋಸ್ಟ್ ಮಾಡಿದೆ.

ನನ್ನ ಪುಟಕ್ಕೆ ಅಷ್ಟು ಜನ ಯಾವತ್ತೂ ಬಂದಿರಲಿಲ್ಲ. ಯಾರು ಯಾರೋ ಹಂಚಿಕೊಂಡರು. ಇಷ್ಟು ನಿಜ ಹೇಳುವವರನ್ನು ನೋಡಿಲ್ಲ ಎಂದರು. ಕುಂದು ಬರೆದ ಏಳನೆಯ ಚಿತ್ರ ಬಹಳ ಜನಕ್ಕೆ ಹಿಡಿಸಿತು. ಎರಡು ದಿನದಲ್ಲಿ ಐದು ಕೌದಿ ಕೇಳಿದರು. ನಾನು ಊಟದ ತಟ್ಟೆಯ ಪಕ್ಕದಲ್ಲಿ ಫೋನಿಟ್ಟುಕೊಂಡು ಒಂದೊಂದೇ ಓದುತ್ತಿದ್ದೆ. ಮನೆಯಲ್ಲಿ ಜನ ಬಂದು ಹೋದ ಹಾಗಿತ್ತು.

ಮೂರನೆಯ ದಿನ ಸಿರುಗುಪ್ಪದ ಒಬ್ಬ ಹೆಂಗಸು ಕೆಳಗೆ ಬರೆದರು: "ಮೇಡಂ, ಲೆಕ್ಕ ಹಾಕಿ ನೋಡಿದೆ. ಹೊಲಿದವರಿಗೆ ತಾಸಿಗೆ ಇಪ್ಪತ್ತೈದು ರೂಪಾಯಿ ಆತು. ನಮ್ಮ ಗದ್ದಿಗೆ ಭತ್ತ ನಾಟಿ ಹಚ್ಚಾಕ ಬರೋರಿಗೆ ನಾವು ಇದಕ್ಕಿಂತ ಭಾಳ ಹೆಚ್ಚು ಕೊಡ್ತೀವಿ. ನೀವು ಬೆಲೆ ಯಾಕ ಹೆಚ್ಚು ಅಂತ ಹೇಳೀರಿ. ನನಗ ಕಡಿಮಿ ಅನಸ್ತು."

ಬೈಗುಳ ಇರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ನಾನು ಮೂವತ್ತು ವರ್ಷ ಮಕ್ಕಳಿಗೆ ಭಾಗಾಕಾರ ಕಲಿಸಿದವಳು. ಎಪ್ಪತ್ತೆರಡರಿಂದ ಸಾವಿರದ ಎಂಟುನೂರನ್ನು ಭಾಗಿಸುವುದು ನನಗೆ ತೋಚಿರಲಿಲ್ಲವೇ? ತೋಚಿತ್ತು ಅನ್ನಿಸುತ್ತದೆ. ನೋಡದೆ ದಾಟಿದ್ದೆ.

ಆ ಮಧ್ಯಾಹ್ನ ನಾನು ಮಾಡಿದ್ದನ್ನು ಹೇಳಲು ಈಗಲೂ ನಾಚಿಕೆ. ಕರೋಸೆಲ್ಲಿನಲ್ಲಿ ಒಂದೇ ಚಿತ್ರವನ್ನು ಅಳಿಸಲು ಬರುತ್ತದೆ. ಎಂಟನೆಯದನ್ನು ಅಳಿಸಿದೆ. ಆ ಹೆಂಗಸಿನ ಕಾಮೆಂಟನ್ನೂ ತೆಗೆದೆ. ಪೋಸ್ಟು ಏಳು ಚಿತ್ರದ್ದಾಗಿ, ಕುಂದುಗಳಿಗೇ ಮುಗಿದು, ಇನ್ನಷ್ಟು ವಿನಯವಾಗಿ ಕಂಡಿತು. ಒಳಗೆ ಹೋಗಿ ಮಲಗಿದೆ. ನಿದ್ದೆ ಬರಲಿಲ್ಲ. ಅಮ್ಮ ಇದ್ದಿದ್ದರೆ ಅವಳ ಹತ್ತಿರವಾದರೂ ಹೇಳಬಹುದಿತ್ತು, ಹೇಳಿದರೆ ಬೈಯುತ್ತಿದ್ದಳು, ಬೈಸಿಕೊಂಡು ಹಗುರಾಗುತ್ತಿದ್ದೆ. ಸಂಜೆ ದೀಪ ಹಚ್ಚಿದ ಮೇಲೆ ಮತ್ತೆ ಫೋನ್ ಹಿಡಿದೆ. ಅಳಿಸಿದ್ದು ಒಂದು ತಿಂಗಳು ಬೇರೆ ಜಾಗದಲ್ಲಿ ಉಳಿದಿರುತ್ತದೆ. ಹುಡುಕಿ, ಒತ್ತಿ, ಎಂಟನೆಯದನ್ನು ವಾಪಸ್ ತಂದೆ. ಕಾಮೆಂಟನ್ನು ತರಲು ಆಗಲಿಲ್ಲ. ಅದಕ್ಕೆ ಅವರ ಮಾತನ್ನು ನಾನೇ ಬರೆದು, "ಇದನ್ನು ಕೇಳಿದವರ ಮಾತನ್ನು ಅಳಿಸಿಬಿಟ್ಟಿದ್ದೆ, ತಪ್ಪಾಯಿತು. ಅವರ ಲೆಕ್ಕ ಸರಿ ಇದೆ" ಎಂದು ಸೇರಿಸಿದೆ.

ಮರುದಿನ ಭಾನುವಾರ. ಹೊಲಿಗೆಗೆ ಮೂರು ಸಾವಿರ ಕೊಡುವುದು, ಕೌದಿಯ ಬೆಲೆ ನಾಲ್ಕು ಸಾವಿರದ ಏಳುನೂರು ಮಾಡುವುದು ಎಂದು ಬಸ್ಸಿನಲ್ಲೇ ನಿರ್ಧರಿಸಿದೆ. ಯಕ್ಕನಿಗೆ ಇದನ್ನು ಹೇಳಿದಾಗ ಅವಳ ಮುಖ ಹೇಗೆ ಅರಳೀತು ಎಂದು ನೆನೆಯುತ್ತ ಇಳಿದೆ.

ಕಟ್ಟೆಯ ಮೇಲೆ ಅವಳಿದ್ದಳು. ಸೊಸೆ ಒಳಗಿನಿಂದ ಕುರ್ಚಿ ತಂದು ಹಾಕಿದಳು. ಆ ಮನೆಯಲ್ಲಿ ನಾನು ಕುರ್ಚಿಯ ಮೇಲೆ ಯಾವತ್ತೂ ಕೂತವಳಲ್ಲ.

"ಬರ್ರಿ ಟೀಚರ್, ಕುಂದರ್ರಿ" ಅಂದಳು ಯಕ್ಕ.

ನಾನು ಕುರ್ಚಿ ಬಿಟ್ಟು ಕಟ್ಟೆಯ ಮೇಲೆ ಕೂತೆ. ಏನಾಯಿತೆಂದು ಕೇಳಿದೆ. ಸೊಸೆಯ ಫೋನಿಗೆ ಆ ಪೋಸ್ಟು ಬಂದಿತ್ತು, ಅವಳು ಎಂಟೂ ಚಿತ್ರಗಳನ್ನು ಅತ್ತೆಗೆ ಓದಿ ಹೇಳಿದ್ದಳು. ನಾನು ಪೋಸ್ಟ್ ಮಾಡುವ ಮುಂಚೆ ಅದನ್ನು ಯಕ್ಕನಿಗೆ ಓದಿ ಹೇಳಬೇಕೆಂದು ನನಗೆ ಅನ್ನಿಸಿರಲೇ ಇಲ್ಲ. ಕೈಯ ಚಿತ್ರಕ್ಕೆ ಒಪ್ಪಿಗೆ ಕೇಳಿದ್ದೆ, ಅಷ್ಟೇ.

ನಾನು ಮೂರು ಸಾವಿರದ ಮಾತು ಹೇಳಿದೆ. ಅವಳು ಕೇಳಿಸಿಕೊಂಡು ತಲೆಯಾಡಿಸಿದಳು.

"ರೊಕ್ಕದ ಮಾತಲ್ಲ ಟೀಚರ್. ನೀವು ಕೊಟ್ಟಷ್ಟು ನಾ ಇಸ್ಕೊಂಡೀನಿ, ಎಂದೂ ಕೇಳಿಲ್ಲ. ನೀವು ಬಂದು ಕುಂದ್ರೋರು, ನನಗೂ ಒಂದು ಜೊತಿ. ಇಬ್ಬರೂ ಕೂಡಿ ಮಾಡಾಕತ್ತೀವಿ ಅಂತಿದ್ದೆ. ಅದರಾಗ ನಿಮಗ ಪಾಲು ಅಂತ ಐತಿ. ನನಗ ಕೂಲಿ ಅಂತ ಐತಿ."

"ಬರೆಯುವಾಗ ಆ ಪದ ಬಂತು ಯಕ್ಕ. ಬದಲಿ ಮಾಡ್ತೀನಿ."

"ಬ್ಯಾಡ ಬಿಡ್ರಿ. ಬರದದ್ದು ಸುಳ್ಳಲ್ಲ. ನಿಮಗ ಗೊತ್ತಿತ್ತು, ನನಗ ಗೊತ್ತಿರಲಿಲ್ಲ, ಅಷ್ಟೇ."

ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಸಮಾಧಾನ ಮಾಡಬಹುದಿತ್ತು. ಮಧ್ಯಾಹ್ನ ಊಟಕ್ಕೆ ಕೂಡಿಸಿದರು. ರೊಟ್ಟಿಯ ಜೊತೆ ಬೀಗರಿಗೆ ಮಾಡುವ ಹಾಗೆ ಶಾವಿಗೆ ಪಾಯಸ ಮಾಡಿದ್ದರು. ನಾನು ಉಂಡು ಬಂದೆ.

ಹೊಸ ಕರೋಸೆಲ್ ಮಾಡಿದೆ. ಈ ಸಲ ಮೊದಲು ಯಕ್ಕನಿಗೆ ಒಂದೊಂದೇ ಓದಿ ಹೇಳಿದೆ, ಅವಳು ಹೂಂ ಅಂದ ಮೇಲೆಯೇ ಹಾಕಿದೆ. ಹಿಂದಿನ ಬೆಲೆ ತಪ್ಪಿತ್ತು, ಜಾಸ್ತಿಯಾಗಿ ಅಲ್ಲ, ಕಡಿಮೆಯಾಗಿ ಎಂದು ಬರೆದೆ. ಕೂಲಿ ಎಂದಿದ್ದ ಕಡೆ "ಹೊಲಿದವರ ಪಾಲು" ಎಂದು ಬರೆದೆ. ಹೆಸರು ಹಾಕಲೇ ಎಂದರೆ ಬೇಡವೆಂದಳು. ಹಿಂದಿನ ಐವರಲ್ಲಿ ಮೂವರು ಈ ಬೆಲೆಗೆ ಬೇಡವೆಂದರು. ನನ್ನ ಪ್ರಾಮಾಣಿಕತೆಯನ್ನು ಹೊಗಳಿದವರೇ ಅವರು. ತಪ್ಪೆನ್ನಲಾರೆ, ಅಷ್ಟು ಹಣ ಎಲ್ಲರ ಬಳಿ ಇರುವುದಿಲ್ಲ.

ಸಿರುಗುಪ್ಪದ ಆ ಹೆಂಗಸು ಮಾತ್ರ ಫೋನ್ ನಂಬರ್ ಕಳಿಸಿ, ತಮ್ಮ ತಾಯಿಯ ಹಳೆ ಸೀರೆಗಳನ್ನು ಪಾರ್ಸಲ್ ಮಾಡಿದರು. ಅದರಿಂದ ಕೌದಿ ಬೇಕೆಂದರು. ಮುಗಿದ ಮೇಲೆ ಅಂಚೆಗೆ ಹಾಕದೆ ನಾನೇ ತೆಗೆದುಕೊಂಡು ಹೋದೆ. ಹೋಗುವ ಅಗತ್ಯವೇನೂ ಇರಲಿಲ್ಲ. ಹತ್ತಿರಹತ್ತಿರ ಎರಡು ತಾಸಿನ ಬಸ್ ಪ್ರಯಾಣ, ರಸ್ತೆಯ ಎರಡೂ ಕಡೆ ಹಸಿರು ಗದ್ದೆ, ಊರು ಹತ್ತಿರವಾದಂತೆ ಅಕ್ಕಿ ಗಿರಣಿಗಳ ಹೊಟ್ಟಿನ ವಾಸನೆ. ಆಕೆ ನನಗಿಂತ ಚಿಕ್ಕವರು, ತುಂಬಿದ ಮನೆ. ಕೌದಿಯನ್ನು ಮಂಚದ ಮೇಲೆ ಹರಡಿ ಒಂದು ನೀಲಿ ತುಂಡಿನ ಮೇಲೆ ಕೈಯಿಟ್ಟು, ಇದನ್ನ ಉಟ್ಟುಕೊಂಡೇ ಅವ್ವ ನನ್ನ ಮದುವಿ ಮಾಡಿದ್ದು ಅಂದರು. ನಾನು ಆ ಕಾಮೆಂಟು ಅಳಿಸಿದ್ದಕ್ಕೆ ಎದುರಿಗೇ ಕ್ಷಮೆ ಕೇಳಿದೆ. ಅವರಿಗೆ ಅದು ನೆನಪೇ ಇರಲಿಲ್ಲ. ಒಳಗಿನಿಂದ ಯಾರೋ ಕರೆದರು, ಯಾವುದೋ ಮಗು ಅತ್ತಿತು, ಅವರು ಚಹಾ ಕೊಟ್ಟು ಒಳಗೆ ಹೊರಗೆ ಓಡಾಡಿದರು. ಇನ್ನೂ ಸ್ವಲ್ಪ ಹೊತ್ತು ಕೂಡಲು ಹೇಳುತ್ತಾರೇನೋ ಎಂದು ನಿಧಾನವಾಗಿ ಕುಡಿದೆ. ಲೋಟ ಖಾಲಿಯಾಯಿತು. ಬಸ್‌ಸ್ಟ್ಯಾಂಡಿಗೆ ಆಟೊ ಎಲ್ಲಿ ಸಿಗುತ್ತದೆಂದು ನಾನೇ ಕೇಳಿದೆ.

ಬೇಸಿಗೆ ಬರುವಷ್ಟರಲ್ಲಿ ಯಕ್ಕನ ಸೊಸೆಯೇ ಒಂದು ಪುಟ ಶುರು ಮಾಡಿದ್ದಳು. ಚುರುಕಿನ ಹೆಣ್ಣುಮಗಳು. ನನ್ನ ಎಂಟು ಚಿತ್ರಗಳ ಕ್ರಮವನ್ನೇ ಇಟ್ಟುಕೊಂಡು ತನ್ನದೇ ಮಾತಲ್ಲಿ ಬರೆದಿದ್ದಳು. ಮಾಡುವ ಮುಂಚೆ ಫೋನ್ ಮಾಡಿ, ಮಾಡಲೇನ್ರಿ ಎಂದು ಕೇಳಿದಳು. ಮಾಡು ಅಂದೆ. ಬೇರೆ ಏನನ್ನಲಿ? ನಡುವೆ ನಾನಿಲ್ಲದಿದ್ದರೆ ಬೆಲೆ ಇಳಿದು, ಅವರಿಗೆ ಬರುವುದು ಹೆಚ್ಚುತ್ತದೆ. ಅದು ನ್ಯಾಯವೇ. ಪಕ್ಕದ ಮನೆಯ ಇಬ್ಬರು ಹೆಂಗಸರೂ ಅವರ ಜೊತೆ ಹೊಲಿಯಲು ಕೂಡುತ್ತಾರಂತೆ. ಅವರ ಎಂಟನೆಯ ಚಿತ್ರದಲ್ಲಿ ಗಂಟೆಯಿಲ್ಲ, ಪಾಲೂ ಇಲ್ಲ. "ನಾವು ನಾಲ್ಕು ಮಂದಿ ಹೊಲಿದೀವಿ, ಸಮ ಹಂಚ್ಕೋತೀವಿ" ಎಂದಷ್ಟೇ ಇದೆ. ಅದನ್ನು ನಾನು ಹಲವು ಸಲ ತೆಗೆದು ನೋಡಿದ್ದೇನೆ.

ಭಾನುವಾರ ಹೋಗಲು ನೆಪ ಉಳಿಯಲಿಲ್ಲ. ಬೇಡವೆಂದು ಯಾರೂ ಅನ್ನಲಿಲ್ಲ. ಒಂದೆರಡು ವಾರ ಹೋದೆ, ಕುರ್ಚಿ ಬಂತು, ಪಾಯಸ ಬಂತು. ಆಮೇಲೆ ನಿಲ್ಲಿಸಿದೆ. ಎಪ್ಪತ್ತೆರಡು ಗಂಟೆಯನ್ನು ಅಷ್ಟು ನಿಷ್ಠೆಯಿಂದ ಬರೆದುಕೊಂಡವಳಿಗೆ ಆ ಗಂಟೆಗಳಲ್ಲಿ ನನಗೇನು ಸಿಗುತ್ತಿತ್ತು ಎಂಬುದು ಆಗ ಹೊಳೆದಿರಲಿಲ್ಲ. ಈಗ ಮನೆಯಲ್ಲೇ ನೆಲದ ಮೇಲೆ ಹಾಸಿಕೊಂಡು ನಾನೇ ಹೊಲಿಯುತ್ತೇನೆ. ಮಾರುವುದಿಲ್ಲ. ಮಧ್ಯಾಹ್ನದ ಹೊತ್ತು ಓಣಿಯಲ್ಲಿ ಸದ್ದಿಲ್ಲದಾಗ ದಾರ ಬಟ್ಟೆಯೊಳಗೆ ಹಾಯುವುದು ಕೇಳುತ್ತದೆ.

ಕಳೆದ ತಿಂಗಳು ದಾರ ತರಲು ಬ್ರೂಸ್‌ಪೇಟೆಯ ಅಂಗಡಿಗೆ ಹೋದಾಗ ಯಕ್ಕ ಅಲ್ಲಿದ್ದಳು. ಸೊಸೆಯ ಜೊತೆ ಬಂದು ಬಂಡಲುಗಟ್ಟಲೆ ದಾರ ಕೊಳ್ಳುತ್ತಿದ್ದಳು. ಹೊಸ ಕನ್ನಡಕ ಹಾಕಿದ್ದಳು, ಅದು ಅವಳಿಗೆ ಒಪ್ಪಿತ್ತು. ಅಂಗಡಿಯವನೊಡನೆ ಬೆಲೆಗೆ ಜಗ್ಗಾಡುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದಳು. ಸೊರಗೀರಿ ಅಂದಳು. ಇಲ್ಲ ಅಂದೆ. ನನ್ನ ಕೈಯಲ್ಲಿದ್ದ ಒಂದೇ ಉಂಡೆ ಬಿಳಿ ದಾರವನ್ನು ನೋಡಿದಳು.

"ನೀವೂ ಹೊಲಿಯಾಕತ್ತೀರೇನು?"

"ಹೊಲಿತೀನಿ ಯಕ್ಕ. ಸಾಲು ಸೊಟ್ಟ ಬರ್ತಾವ."

"ಪದರ ಬಿಗಿ ಹಿಡಿದಿರಂಗಿಲ್ಲ. ಒಂದಿನ ತರ್ರಿ, ನೋಡ್ತೀನಿ."

ಬಸ್ಸಿನ ಹೊತ್ತಾಯಿತೆಂದು ಸೊಸೆ ಕರೆದಳು. ಇಬ್ಬರೂ ಚೀಲ ಹಿಡಿದು ಜನರ ನಡುವೆ ಹೋದರು. ನಾನು ದಾರಕ್ಕೆ ಹಣ ಕೊಟ್ಟು ಮನೆಗೆ ಬಂದೆ. ನಾನು ಹೊಲಿದ ಕೌದಿಯನ್ನು ಮಡಿಚಿ ಚೀಲದಲ್ಲಿಟ್ಟಿದ್ದೇನೆ. ಇನ್ನೂ ಹೋಗಿಲ್ಲ.